ಮೂವತ್ನಾಲ್ಕು ಪುಟಗಳ ಅನುದಾನ ಅಧಿಸೂಚನೆಯನ್ನು ಒಂದು ಪುಟಕ್ಕೆ ಇಳಿಸುವಾಗ

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನ ಅನುದಾನಿತ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ, ಸಂಶೋಧನಾ ಸಮಿತಿಯ ಸಂಚಾಲಕನೂ ಹೌದು. ಅನುದಾನದ ಅಧಿಸೂಚನೆ ಬಂದಾಗಲೆಲ್ಲ ಪ್ರಾಂಶುಪಾಲರು “ಅರ್ಹತೆ, ಹಣದ ಮಿತಿ, ಖರ್ಚಿನ ಬಾಬ್ತು, ಮೌಲ್ಯಮಾಪನ, ಕೊನೆಯ ದಿನ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಳಿಸಿ” ಎನ್ನುತ್ತಾರೆ. ಹೋದ ಸಲ ನನ್ನ ಸಾರಾಂಶ ನಂಬಿ ಅರ್ಜಿ ಹಾಕಿದ ಇಬ್ಬರದು ತಜ್ಞರ ಕೈಗೆ ಹೋಗುವ ಮೊದಲೇ ತಿರಸ್ಕೃತವಾಯಿತು. ಈಗ ಅಡಿಕೆಯ ಎಲೆಚುಕ್ಕೆ ರೋಗದ ಮೇಲೆ ನಾವು ಪ್ರಸ್ತಾವನೆ ಹಾಕಬೇಕೆಂದಿರುವ ಅಧಿಸೂಚನೆಯನ್ನು ಲಗತ್ತಿಸಿದ್ದೇನೆ. ಏನನ್ನು ಬಿಡಬಹುದು, ಏನನ್ನು ಬಿಡಬಾರದು? ಪೂರ್ತಿ ಕನ್ನಡಕ್ಕೆ ಅನುವಾದಿಸಿ ಹಂಚುವುದೇ ಸುರಕ್ಷಿತವೇ?

ಉತ್ತರ: ನೀವು ಕಳಿಸಿದ ಅಧಿಸೂಚನೆಯನ್ನು ನಾನು ಕೊನೆಯ ಪುಟದಿಂದ ಓದಲು ತೊಡಗಿದೆ. ವಿಶ್ವವಿದ್ಯಾಲಯದ ಯೋಜನಾ ವಿಭಾಗದಲ್ಲಿ ಕಡತ ನೋಡಿದವರಿಗೆ ಅಂಟಿಕೊಳ್ಳುವ ಅಭ್ಯಾಸವಿದು. ಮೊದಲ ಹನ್ನೆರಡು ಪುಟಗಳಲ್ಲಿ ಉದ್ದೇಶ, ಆದ್ಯತೆಯ ವಿಷಯಗಳು, ಅರ್ಹತೆ, ಮೊತ್ತ ಎಲ್ಲವೂ ಸಲೀಸಾಗಿ ಓದಿಸಿಕೊಳ್ಳುತ್ತವೆ, ಸಾರಾಂಶ ಬರೆಯುವವರಲ್ಲಿ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಅರ್ಜಿಯನ್ನು ಕೆಡಿಸುವ ಮಾತುಗಳು ಮಾತ್ರ ಹಿಂದಿನ ಅನುಬಂಧಗಳಲ್ಲಿ, ಮುಖ್ಯವಾಗಿ ಮೂರು ಕಡೆ ಕುಳಿತಿರುತ್ತವೆ: ಅರ್ಜಿಯ ನಮೂನೆಯಲ್ಲಿ, ಆಯವ್ಯಯ ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಮತ್ತು ಪ್ರಾಂಶುಪಾಲರು ಸಹಿ ಹಾಕಬೇಕಾದ ದೃಢೀಕರಣ ಪತ್ರದಲ್ಲಿ. ನಿಮ್ಮ ಅಧಿಸೂಚನೆಯ ದೃಢೀಕರಣ ಪತ್ರವನ್ನೇ ನೋಡಿ. ಪ್ರಧಾನ ಸಂಶೋಧಕರು ಕಾಯಂ ಹುದ್ದೆಯಲ್ಲಿದ್ದಾರೆ, ಇದೇ ಸಂಸ್ಥೆಯ ಬೇರೆ ಯೋಜನೆ ಅವರ ಕೈಯಲ್ಲಿ ಈಗ ನಡೆಯುತ್ತಿಲ್ಲ, ಇದೇ ಪ್ರಸ್ತಾವನೆಯನ್ನು ಬೇರೆಡೆ ಸಲ್ಲಿಸಿಲ್ಲ, ಅವರು ಕಾಲೇಜು ಬಿಟ್ಟರೆ ಸಹ ಸಂಶೋಧಕರು ಮುಂದುವರಿಸುತ್ತಾರೆ ಎಂದು ಪ್ರಾಂಶುಪಾಲರು ಬರೆದುಕೊಡಬೇಕಾಗಿದೆ. ಇವುಗಳಲ್ಲಿ ಎರಡನೆಯದು ಮತ್ತು ಮೂರನೆಯದು ‘ಅರ್ಹತೆ’ ಎಂಬ ತಲೆಬರಹದ ಕೆಳಗೆ ಎಲ್ಲಿಯೂ ಇಲ್ಲ. ನಾಲ್ಕನೆಯದರ ಅರ್ಥ, ಸಹ ಸಂಶೋಧಕರಿಲ್ಲದ ಅರ್ಜಿ ಪೂರ್ಣವಾಗುವುದೇ ಇಲ್ಲ ಎಂದು. ಪುಟ 4ರಲ್ಲಿರುವುದನ್ನು ಮಾತ್ರ ‘ಅರ್ಹತೆ’ ಎಂದು ಬರೆದರೆ ಸಾರಾಂಶದಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ, ಆದರೂ ಓದಿದವರು ದಾರಿ ತಪ್ಪುತ್ತಾರೆ.

ತಜ್ಞರ ಕೈಗೆ ಹೋಗುವ ಮೊದಲೇ ಅರ್ಜಿ ಬೀಳುವುದಕ್ಕೆ ಕಾರಣ ಬಹಳ ಸರಳ. ಮೊದಲ ಹಂತದ ಪರಿಶೀಲನೆಯನ್ನು ವಿಜ್ಞಾನಿಗಳು ಮಾಡುವುದಿಲ್ಲ, ಕಚೇರಿಯ ಸಿಬ್ಬಂದಿ ಒಂದು ತಾಳೆಪಟ್ಟಿ ಹಿಡಿದು ಮಾಡುತ್ತಾರೆ. ಅವರಿಗೆ ನಿಮ್ಮ ವಿಷಯ ಎಷ್ಟು ಮಹತ್ವದ್ದೆಂದು ತೂಗುವ ಅಧಿಕಾರವೂ ಇಲ್ಲ, ಅಗತ್ಯವೂ ಇಲ್ಲ. ದಾಖಲೆ ಇದೆಯೇ, ದಿನಾಂಕ ಸರಿಯೇ, ಸಹಿ ಯಾರದು ಎಂಬಷ್ಟಕ್ಕೇ ಅವರ ಕೆಲಸ ಮುಗಿಯುತ್ತದೆ. ಹಾಗಾಗಿ ಒಳ್ಳೆಯ ಸಾರಾಂಶ ಎಂದರೆ ಆ ತಾಳೆಪಟ್ಟಿಯನ್ನು ಊಹಿಸಿ ಮೊದಲೇ ಬರೆದದ್ದು ಎಂದು ನಾನು ತಿಳಿದಿದ್ದೇನೆ. ಯೋಜನೆಯ ಉದ್ದೇಶ, ಹಿನ್ನೆಲೆ, ದೇಶಕ್ಕೆ ಆಗುವ ಪ್ರಯೋಜನ ಇವನ್ನು ಸಾರಾಂಶದಿಂದ ಧಾರಾಳವಾಗಿ ಬಿಟ್ಟುಬಿಡಿ. ಆಸಕ್ತರು ಮೂಲದಲ್ಲಿ ಓದಿಕೊಳ್ಳುತ್ತಾರೆ.

ಅರ್ಹತೆಯ ಭಾಗದಲ್ಲಿ ಅತಿ ಹೆಚ್ಚು ಅನಾಹುತ ಮಾಡುವುದು ವಯಸ್ಸು. ‘ವಯೋಮಿತಿ 45 ವರ್ಷ’ ಎಂದಷ್ಟೇ ಬರೆದರೆ ಯಾವ ದಿನಕ್ಕೆ 45 ಎಂಬುದು ಬಿಟ್ಟುಹೋಗುತ್ತದೆ. ನಿಮ್ಮ ಅಧಿಸೂಚನೆ ಹೇಳುವುದು ‘ಅರ್ಜಿ ಸ್ವೀಕರಿಸುವ ಕೊನೆಯ ದಿನಾಂಕಕ್ಕೆ 45 ವರ್ಷ ಮೀರಿರಬಾರದು’ ಎಂದು, ಆ ಕೊನೆಯ ದಿನ 2026ರ ಆಗಸ್ಟ್ 31. ಇದನ್ನು ಸಾರಾಂಶದಲ್ಲಿ ಜನ್ಮದಿನಾಂಕವಾಗಿ ತಿರುಗಿಸಿ ಬರೆಯಿರಿ: 1981ರ ಆಗಸ್ಟ್ 31ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಮೂರು ವರ್ಷದ ಸಡಿಲಿಕೆ ಇರುವುದರಿಂದ ಅವರಿಗೆ ಅದು 1978ರ ಆಗಸ್ಟ್ 31 ಆಗುತ್ತದೆ. ಹೀಗೆ ಬರೆದರೆ ಸಿಬ್ಬಂದಿ ಕೊಠಡಿಯಲ್ಲಿ ಕುಳಿತವರು ಲೆಕ್ಕ ಹಾಕುವ ಗೋಜಿಲ್ಲದೆ ತಮ್ಮ ಹತ್ತನೆಯ ತರಗತಿಯ ಅಂಕಪಟ್ಟಿಯೊಂದಿಗೆ ತಾಳೆ ನೋಡಿಕೊಳ್ಳಬಹುದು. ಸಡಿಲಿಕೆ ಎರಡು ಕಾರಣಕ್ಕೆ ಅನ್ವಯವಾದರೆ ಆರು ವರ್ಷ ಸಿಗುತ್ತದೆ ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ವ್ಯಾಪಕವಾಗಿದೆ. ಅಧಿಸೂಚನೆಯಲ್ಲಿ ಹಾಗೆಂದು ಬರೆದಿಲ್ಲದಿದ್ದರೆ ಸಾರಾಂಶದಲ್ಲಿ ನೀವು ಅದನ್ನು ಸೂಚಿಸಲೂ ಬಾರದು.

ಎರಡನೆಯದು ಹುದ್ದೆ. ಅನುದಾನಿತ ಕಾಲೇಜೊಂದರಲ್ಲಿ ಒಂದೇ ವಿಭಾಗದೊಳಗೆ ಮೂರು ಬಗೆಯ ಅಧ್ಯಾಪಕರಿರುತ್ತಾರೆ: ಸರ್ಕಾರದ ಅನುಮೋದನೆ ಇರುವ ಅನುದಾನಿತ ಹುದ್ದೆಯವರು, ಆಡಳಿತ ಮಂಡಳಿಯೇ ನೇಮಿಸಿಕೊಂಡು ಸಂಬಳ ಕೊಡುವವರು, ಮತ್ತು ಅತಿಥಿ ಉಪನ್ಯಾಸಕರು. ಪಿಎಚ್‌ಡಿ ಮೂವರಿಗೂ ಇರಬಹುದು. ಅತಿಥಿ ಉಪನ್ಯಾಸಕರು ‘ಕಾಯಂ’ ಎಂಬ ಮಾತಿನೊಳಗೆ ಬರುವುದಿಲ್ಲ, ಅದರಲ್ಲಿ ಸಂಶಯವಿಲ್ಲ. ಆಡಳಿತ ಮಂಡಳಿಯ ನೇಮಕದವರ ವಿಷಯದಲ್ಲಿ ನಿಮ್ಮ ಅಧಿಸೂಚನೆ ಮೌನವಾಗಿದೆ, ಒಂದೊಂದು ಸಂಸ್ಥೆ ಒಂದೊಂದು ರೀತಿ ತೀರ್ಮಾನಿಸುವುದನ್ನು ನಾನು ನೋಡಿದ್ದೇನೆ. ಇಂಥ ಕಡೆ ‘ಕಾಯಂ ಅಧ್ಯಾಪಕರು’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ‘ಆಡಳಿತ ಮಂಡಳಿಯ ನೇಮಕದವರು ಬರೆಯಲು ಕೂರುವ ಮೊದಲು ಲಿಖಿತ ಸ್ಪಷ್ಟನೆ ಪಡೆಯಬೇಕು’ ಎಂದು ಬರೆಯಿರಿ. ಮೂರನೆಯದು ಕಾಲೇಜಿನದೇ ಅರ್ಹತೆ. ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಬೇರೆ ಬೇರೆ ಮಾನ್ಯತೆಗಳು: 2(ಎಫ್) ಕಾಲೇಜನ್ನು ಯುಜಿಸಿಯ ಪಟ್ಟಿಗೆ ಸೇರಿಸುತ್ತದೆ, 12(ಬಿ) ಕೇಂದ್ರದ ಅನುದಾನಕ್ಕೆ ಅರ್ಹಗೊಳಿಸುತ್ತದೆ. ಮೊದಲನೆಯದು ಮಾತ್ರ ಇರುವ ಕಾಲೇಜುಗಳು ನಮ್ಮ ಸುತ್ತಮುತ್ತ ಕಡಿಮೆಯೇನಲ್ಲ, ನಿಮ್ಮ ಅಧಿಸೂಚನೆಯ ಅನುಬಂಧ ಕೇಳುವುದು ಎರಡನೆಯದರ ಪ್ರಮಾಣಪತ್ರವನ್ನು. ಇದು ಅಧ್ಯಾಪಕರು ಒಬ್ಬೊಬ್ಬರೇ ಹುಡುಕಬೇಕಾದ ವಿಷಯವಲ್ಲ. ಸಂಚಾಲಕರಾದ ನೀವೇ ಕಚೇರಿಯಲ್ಲಿ ಕೇಳಿ ‘ಕಾಲೇಜಿಗೆ 12(ಬಿ) ಇದೆ’ ಅಥವಾ ‘ಇಲ್ಲ’ ಎಂದು ಸಾರಾಂಶದ ಮೊದಲ ಸಾಲಿನಲ್ಲೇ ಹಾಕಬೇಕು. ಇಲ್ಲವೆಂದಾದರೆ ಉಳಿದ ಪುಟವನ್ನು ಬರೆಯುವ ಶ್ರಮವೇ ತಪ್ಪುತ್ತದೆ.

ಇನ್ನು ಹಣದ ಮಿತಿಗೆ ಬರೋಣ. ಸಾರಾಂಶಗಳು ಅತಿ ಚಿಕ್ಕದಾಗಿ ಮುಗಿಸಿಬಿಡುವ ಈ ಭಾಗಕ್ಕೆ ಹೆಚ್ಚು ಜಾಗ ಬೇಕೆಂಬುದು ನನ್ನ ಅಭಿಪ್ರಾಯ. ‘ಮೂರು ವರ್ಷಕ್ಕೆ ಗರಿಷ್ಠ 30 ಲಕ್ಷ ರೂಪಾಯಿ’ ಎಂಬ ಸಾಲು ಓದಿದವರ ಮನಸ್ಸಿನಲ್ಲಿ ‘30 ಲಕ್ಷ ಸಿಗುತ್ತದೆ’ ಎಂದು ಕೂರುತ್ತದೆ. ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಆ 30 ಲಕ್ಷದೊಳಗೆ ಏನೇನು ಸೇರಿದೆ ಎಂಬುದು. ನಿಮ್ಮ ಅಧಿಸೂಚನೆಯ ಪುಟ 5 ಮೊತ್ತವನ್ನು ಹೇಳಿ ಸುಮ್ಮನಾಗುತ್ತದೆ. ಪುಟ 27ರ ಅಡಿಟಿಪ್ಪಣಿ ಮಾತ್ರ ‘ಓವರ್‌ಹೆಡ್ ಒಟ್ಟು ಯೋಜನಾ ವೆಚ್ಚದ ಶೇ 10, ಅದು ಗರಿಷ್ಠ ಮಿತಿಯೊಳಗೇ ಇರತಕ್ಕದ್ದು, ಉಪಕರಣಗಳು ಒಟ್ಟು ವೆಚ್ಚದ ಶೇ 30 ಮೀರತಕ್ಕದ್ದಲ್ಲ’ ಎನ್ನುತ್ತದೆ. ಓವರ್‌ಹೆಡ್ ಎಂದರೆ ಕಾಲೇಜು ಒದಗಿಸುವ ಕಟ್ಟಡ, ವಿದ್ಯುತ್ತು, ಲೆಕ್ಕಪತ್ರದ ಕೆಲಸಕ್ಕೆಂದು ಕಾಲೇಜಿಗೆ ಹೋಗುವ ಹಣ, ಸಂಶೋಧಕರ ಕೈಗೆ ಬರುವುದಲ್ಲ.

ಎಲೆಚುಕ್ಕೆ ರೋಗದ ನಿಮ್ಮ ಯೋಜನೆಯನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. 30 ಲಕ್ಷದಲ್ಲಿ ಓವರ್‌ಹೆಡ್ 3 ಲಕ್ಷ ಹೋದರೆ 27 ಲಕ್ಷ ಉಳಿಯುತ್ತದೆ. ಶಿಲೀಂಧ್ರ ಬೆಳೆಸಲು ಇನ್‌ಕ್ಯುಬೇಟರ್, ಲ್ಯಾಮಿನಾರ್ ಫ್ಲೋ, ಪಿಸಿಆರ್ ಯಂತ್ರ ಎಂದು ಉಪಕರಣಕ್ಕೆ ಗರಿಷ್ಠ ಮಿತಿಯ 9 ಲಕ್ಷ ಹಾಕಿದಿರಿ ಎಂದುಕೊಳ್ಳಿ, ಉಳಿಯುವುದು 18 ಲಕ್ಷ. ಒಬ್ಬ ಸಂಶೋಧನಾ ಸಹಾಯಕರನ್ನು ಕಿರಿಯ ಸಂಶೋಧನಾ ಫೆಲೋ, ಅಂದರೆ ಜೆಆರ್‌ಎಫ್ ಆಗಿ ತೆಗೆದುಕೊಂಡರೆ ಅಧಿಸೂಚನೆ ಹೇಳುವಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಮೂರನೆಯ ವರ್ಷ ಹಿರಿಯ ಫೆಲೋ, ಅಂದರೆ ಎಸ್‌ಆರ್‌ಎಫ್ ಆಗಿ 42,000 ರೂಪಾಯಿ. ಇದು 13,92,000 ಆಗುತ್ತದೆ. ಇದರ ಮೇಲೆ ಕೇಂದ್ರ ಸರ್ಕಾರದ ನಿಯಮದಂತೆ ಮನೆ ಬಾಡಿಗೆ ಭತ್ಯೆ ಇದೆ. ಕೇಂದ್ರದ ನಗರ ವರ್ಗೀಕರಣದಲ್ಲಿ ಶಿವಮೊಗ್ಗ, ಸಾಗರಗಳೆಲ್ಲ ಕೊನೆಯ ವರ್ಗಕ್ಕೆ ಸೇರುವುದರಿಂದ ಶೇ 10 ಹಿಡಿದರೆ 1,39,200. ಎರಡೂ ಸೇರಿ 15,31,200 ರೂಪಾಯಿ. ಹದಿನೆಂಟು ಲಕ್ಷದಲ್ಲಿ ಅದನ್ನು ಕಳೆದರೆ 2,68,800, ಅಂದರೆ ವರ್ಷಕ್ಕೆ 89,600 ರೂಪಾಯಿ. ಕೆಮಿಕಲ್, ಗಾಜಿನ ಸಾಮಾನು, ಡಿಎನ್‌ಎ ಸೀಕ್ವೆನ್ಸಿಂಗ್, ಹೊಸನಗರ ತೀರ್ಥಹಳ್ಳಿಗಳ ತೋಟಗಳಿಗೆ ಓಡಾಟ, ಸಾದಿಲ್ವಾರು ಖರ್ಚು ಎಲ್ಲವೂ ಈ ತೊಂಬತ್ತು ಸಾವಿರದೊಳಗೆ ಮುಗಿಯಬೇಕು. ರೋಗ ಇರುವುದು ತೋಟದಲ್ಲಿ, ಹಣ ಇರುವುದು ಪ್ರಯೋಗಾಲಯದ ಯಂತ್ರದಲ್ಲಿ ಎಂಬಂತಾಗುತ್ತದೆ. ತಜ್ಞ ಸಮಿತಿಯವರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಈ ಲೆಕ್ಕ ಪೂರ್ತಿಯಾಗಿ ಸಾರಾಂಶದೊಳಗೆ ಬರಬೇಕಿಲ್ಲ, ಆದರೆ ಮೂರು ಅಂಕಿಗಳು ಬರಲೇಬೇಕು: ಒಟ್ಟು ಮಿತಿ 30 ಲಕ್ಷ, ಓವರ್‌ಹೆಡ್ ಕಳೆದು ಸಂಶೋಧನೆಗೆ 27 ಲಕ್ಷ, ಅದರೊಳಗೆ ಉಪಕರಣ 9 ಲಕ್ಷ ಮೀರುವಂತಿಲ್ಲ. ಶೇಕಡಾವಾರು ಯಾವುದರ ಮೇಲೆ ಎಂಬುದನ್ನೂ ನೋಡಿಕೊಳ್ಳಿ. ಓವರ್‌ಹೆಡ್ ‘ಒಟ್ಟು ವೆಚ್ಚದ ಶೇ 10’ ಆದರೆ 3,00,000, ‘ಉಳಿದ ಬಾಬ್ತುಗಳ ಮೊತ್ತದ ಶೇ 10’ ಆದರೆ ಸುಮಾರು 2,72,700. ಇಪ್ಪತ್ತೇಳು ಸಾವಿರದ ವ್ಯತ್ಯಾಸ ದೊಡ್ಡದಲ್ಲ ಎನಿಸಬಹುದು, ಆದರೆ ಪೋರ್ಟಲ್‌ನ ಕೋಷ್ಟಕ ತಾನೇ ಕೂಡಿ ನೋಡಿ ಮಿತಿ ಮೀರಿದೆ ಎಂದು ಅರ್ಜಿಯನ್ನು ಮುಂದಕ್ಕೆ ಬಿಡದಿರುವುದು ಇಂಥ ಅಂತರಗಳಿಂದಲೇ. ಉಪಕರಣದ ಬೆಲೆಯನ್ನು ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಬೇಕೆಂದು ಒಂದು ಸಾಲು ಸೇರಿಸಿ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ ದರ 2022ರ ಜುಲೈಯಲ್ಲಿ ರದ್ದಾಗಿದೆ, ಹಳೆಯ ಕೊಟೇಶನ್ ಇಟ್ಟುಕೊಂಡು ಆಯವ್ಯಯ ಬರೆಯುವವರು ಈಗಲೂ ಇದ್ದಾರೆ.

ಇದೇ ಕಾರಣಕ್ಕೆ ಹೋದ ವರ್ಷದ ಸಾರಾಂಶವನ್ನು ತೆಗೆದು ದಿನಾಂಕ ತಿದ್ದಿ ಹಂಚುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ 31,000ದಿಂದ 37,000ಕ್ಕೆ ಏರಿತು, ಹಳೆಯ ಅಂಕಿ ಹಾಕಿದವರ ಆಯವ್ಯಯ ಮೂರು ವರ್ಷದಲ್ಲಿ ಎರಡು ಲಕ್ಷದಷ್ಟು ಕಡಿಮೆ ಬೀಳುತ್ತದೆ. ಕೇಂದ್ರದಲ್ಲಿ ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ ಇದ್ದ ಜಾಗಕ್ಕೆ 2023ರ ಕಾಯ್ದೆಯ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಹಿಂದಿನ ಯೋಜನೆಗಳ ಹೆಸರಿಗೆ ಹೋಲುವ ಹೆಸರು ಕಂಡ ಮಾತ್ರಕ್ಕೆ ನಿಯಮವೂ ಅದೇ ಎಂದು ತಿಳಿಯುವ ಹಾಗಿಲ್ಲ.

ಖರ್ಚಿನ ಬಾಬ್ತುಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿದೆ: ಬೇಡವೆಂದು ಬರೆದಿಲ್ಲವಾದರೆ ಮಾಡಬಹುದು ಎಂಬುದು. ಅನುದಾನದ ಹಣದಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿರುದ್ಧ. ಮಂಜೂರಾತಿ ಆದೇಶದಲ್ಲಿ ಯಾವ ಶೀರ್ಷಿಕೆಗೆ ಎಷ್ಟು ಎಂದು ಬರೆದಿದೆಯೋ ಅಷ್ಟೇ ಖರ್ಚು, ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಬದಲಿಸಲು ಅನುಮತಿ ಬೇಕು, ವರ್ಷದ ಕೊನೆಗೆ ಬಳಕೆ ಪ್ರಮಾಣಪತ್ರದಲ್ಲಿ ಅದೇ ಶೀರ್ಷಿಕೆಗಳ ಪ್ರಕಾರ ಲೆಕ್ಕ ಒಪ್ಪಿಸಬೇಕು. ಆದ್ದರಿಂದ ಸಾರಾಂಶದ ಈ ಭಾಗವನ್ನು ಮೂರು ಪಾಲು ಮಾಡುವುದು ಒಳ್ಳೆಯದು. ಒಪ್ಪಿದ್ದು, ಒಪ್ಪದ್ದು, ಮೂರನೆಯದು ಅಧಿಸೂಚನೆ ಮಾತೇ ಆಡದ್ದು. ನಿಮ್ಮದರಲ್ಲಿ ಒಪ್ಪಿದ್ದು ಸಹಾಯಕರ ವೇತನ, ಉಪಕರಣ, ಬಳಕೆ ಸಾಮಗ್ರಿ, ದೇಶದೊಳಗಿನ ಪ್ರಯಾಣ, ಸಾದಿಲ್ವಾರು. ಒಪ್ಪದ್ದು ಕಟ್ಟಡ, ಪೀಠೋಪಕರಣ, ವಿದೇಶ ಪ್ರಯಾಣ, ಪ್ರಧಾನ ಸಂಶೋಧಕರ ಸಂಭಾವನೆ. ಇವೆರಡು ಪಟ್ಟಿಗಳನ್ನು ನಕಲು ಮಾಡಿದರೆ ಸಾಕು.

ನಿಮ್ಮ ಕೆಲಸವಿರುವುದು ಮೂರನೆಯ ಪಾಲಿನಲ್ಲಿ. ಎಲೆಚುಕ್ಕೆಯ ಮಾದರಿ ಎಂದರೆ ಬುಡದಲ್ಲಿ ಬಿದ್ದ ಒಣಗರಿಯಲ್ಲ, ಮರದ ಮೇಲೆ ಇನ್ನೂ ಹಸಿರಿರುವ, ಚುಕ್ಕೆ ಈಗಷ್ಟೇ ಮೂಡುತ್ತಿರುವ ಎಲೆ. ಅದನ್ನು ಇಳಿಸಲು ಮರ ಹತ್ತುವವರು ಬೇಕು. ಕೊನೆಗೌಡರು ಸಿಗುವುದೇ ದುಸ್ತರವಾಗಿರುವ ಕಾಲದಲ್ಲಿ, ಅದೂ ಮಳೆಗಾಲದ ಜಾರುವ ಮರಕ್ಕೆ, ಅವರ ದಿನಗೂಲಿ ಸಣ್ಣದಿರುವುದಿಲ್ಲ. ಆ ಕೂಲಿ ಯಾವ ಶೀರ್ಷಿಕೆಗೆ ಸೇರಬೇಕು? ಅವರು ಯೋಜನಾ ಸಿಬ್ಬಂದಿಯಲ್ಲ, ಆದ್ದರಿಂದ ವೇತನದಲ್ಲಿ ಬರುವುದಿಲ್ಲ. ಸಾದಿಲ್ವಾರಿನಲ್ಲಿ ಹಾಕಿದರೆ ಲೆಕ್ಕಪರಿಶೋಧಕರು ರಸೀದಿ ಕೇಳುತ್ತಾರೆ. ಬಸ್ಸಿಲ್ಲದ ಊರಿಗೆ ಜೀಪು ಮಾಡಿಕೊಂಡು ಹೋದರೆ ಅದು ‘ಪ್ರಯಾಣ’ವೇ, ಅಥವಾ ಪ್ರಯಾಣವೆಂದರೆ ಬಸ್ಸು, ರೈಲಿನ ಟಿಕೆಟ್ ಮಾತ್ರವೇ? ಮಾದರಿಗಳನ್ನು ಸೀಕ್ವೆನ್ಸಿಂಗ್‌ಗೆ ಬೆಂಗಳೂರಿನ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದರೆ ಅದು ಬಳಕೆ ಸಾಮಗ್ರಿಯೇ, ಹೊರಗಿನ ಸೇವೆಯೇ? ಅಧಿಸೂಚನೆ ಈ ಮೂರಕ್ಕೂ ಉತ್ತರಿಸುವುದಿಲ್ಲ. ಸಾರಾಂಶದಲ್ಲಿ ಇವನ್ನು ‘ಉತ್ತರವಿಲ್ಲದವು’ ಎಂದೇ ಬರೆದರೆ ಓದಿದವರು ಕೇಳಿ ತಿಳಿದುಕೊಳ್ಳುತ್ತಾರೆ. ನೀವು ಅಂದಾಜಿನಿಂದ ಒಂದು ಪಾಲಿಗೆ ಸೇರಿಸಿಬಿಟ್ಟರೆ ಆ ಅಂದಾಜೇ ನಿಯಮವೆಂದು ಎಲ್ಲರೂ ನಂಬುತ್ತಾರೆ.

ಮೌಲ್ಯಮಾಪನದ ಮಾನದಂಡಗಳನ್ನು ಸಾರಾಂಶಗಳು ಸಾಮಾನ್ಯವಾಗಿ ‘ಹೊಸತನ, ವಿಧಾನ, ಪ್ರಸ್ತುತತೆ, ಸಾಮರ್ಥ್ಯ, ಆಯವ್ಯಯ’ ಎಂದು ಐದು ಪದಗಳಲ್ಲಿ ಮುಗಿಸುತ್ತವೆ. ಅಂಕಗಳು ಸಮನಾಗಿಲ್ಲ ಎಂಬುದು ಅದರಲ್ಲಿ ಮರೆಯಾಗುತ್ತದೆ. ನಿಮ್ಮ ಅಧಿಸೂಚನೆಯಲ್ಲಿ ಹೊಸತನಕ್ಕೆ 30, ವಿಧಾನಕ್ಕೆ 25, ಪ್ರಸ್ತುತತೆಗೆ 20, ಸಂಶೋಧಕರ ಸಾಮರ್ಥ್ಯಕ್ಕೆ 15, ಆಯವ್ಯಯಕ್ಕೆ 10 ಅಂಕಗಳಿವೆ. ಅದಕ್ಕಿಂತ ಮುಖ್ಯವಾದ ಮಾತು ಅದರ ಕೆಳಗಿದೆ: ಹೊಸತನ ಮತ್ತು ವಿಧಾನ ಎರಡರಲ್ಲಿಯೂ ಪ್ರತ್ಯೇಕವಾಗಿ ಶೇ 60 ಬರದಿದ್ದರೆ ಒಟ್ಟು ಎಷ್ಟೇ ಬಂದರೂ ಮುಂದಿನ ಹಂತಕ್ಕೆ ಪರಿಗಣಿಸುವುದಿಲ್ಲ. ವಿಧಾನದಲ್ಲಿ ಶೇ 60 ಎಂದರೆ 15. ಯಾರಿಗಾದರೂ ವಿಧಾನದಲ್ಲಿ 14, ಉಳಿದವುಗಳಲ್ಲಿ 64 ಬಂದು ಒಟ್ಟು 78 ಆಯಿತೆನ್ನಿ, ಅವರು ಹೊರಗೆ. ಒಟ್ಟು 66 ಪಡೆದು ಎರಡು ಗಡಿಗಳನ್ನೂ ದಾಟಿದವರು ಮಾತ್ರ ಬೆಂಗಳೂರಿಗೆ ಹೋಗಿ ತಮ್ಮ ಪ್ರಸ್ತಾವನೆಯನ್ನು ಮಂಡಿಸುತ್ತಾರೆ. ಮಲೆನಾಡಿನ ಕಾಲೇಜುಗಳಿಂದ ಹೋಗುವ ಪ್ರಸ್ತಾವನೆಗಳು ಪ್ರಸ್ತುತತೆಯಲ್ಲಿ ಒಳ್ಳೆಯ ಅಂಕ ಪಡೆದು ವಿಧಾನದಲ್ಲಿ ಬೀಳುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಅಡಿಕೆ ಬೆಳೆಗಾರರ ಸಂಕಷ್ಟವನ್ನು ನಾಲ್ಕು ಪುಟ ಬರೆದು, ಎಷ್ಟು ತೋಟ, ತೋಟಕ್ಕೆ ಎಷ್ಟು ಮರ, ಬೋರ್ಡೋ ದ್ರಾವಣ ಹೊಡೆದ ಮತ್ತು ಹೊಡೆಯದ ತಾಕುಗಳನ್ನು ಹೇಗೆ ಹೋಲಿಸುತ್ತೀರಿ ಎಂಬುದನ್ನು ಅರ್ಧ ಪುಟದಲ್ಲಿ ಮುಗಿಸಿರುತ್ತಾರೆ. ಅಂಕಗಳ ಜೊತೆಗೆ ಆ ಗಡಿಯನ್ನೂ ನಿಮ್ಮ ಸಾರಾಂಶ ಹೇಳಿದ್ದರೆ ಪುಟಗಳ ಹಂಚಿಕೆ ಬೇರೆ ರೀತಿ ಇರುತ್ತಿತ್ತು.

ಕೊನೆಯ ದಿನಾಂಕದ ವಿಷಯಕ್ಕೆ ಬಂದರೆ, ಒಂದು ಅಧಿಸೂಚನೆಗೆ ಒಂದೇ ಕೊನೆಯ ದಿನವಿರುವುದು ಅಪರೂಪ. ನಿಮ್ಮದರಲ್ಲಿ ನಾನು ನಾಲ್ಕನ್ನು ಗುರುತಿಸಿದೆ. ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕಳಿಸಲು ಆಗಸ್ಟ್ 7. ಪೋರ್ಟಲ್‌ನಲ್ಲಿ ಸಲ್ಲಿಸಲು ಆಗಸ್ಟ್ 31, ಸಂಜೆ 5 ಗಂಟೆ. ಅಂದರೆ ನಡುರಾತ್ರಿಯವರೆಗೆ ಸಮಯವಿಲ್ಲ. ಮುದ್ರಿತ ಪ್ರತಿ ಸೆಪ್ಟೆಂಬರ್ 10ರೊಳಗೆ ‘ತಲುಪತಕ್ಕದ್ದು’. ಅಂಚೆಗೆ ಹಾಕಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕನೆಯದು ವಯಸ್ಸು ಮತ್ತು ಸೇವಾವಧಿಯನ್ನು ಲೆಕ್ಕ ಹಾಕುವ ದಿನ. ಅದು ಈಗ ಆಗಸ್ಟ್ 31ಕ್ಕೇ ಸೇರಿಕೊಂಡಿದೆ, ಆದರೆ ಅವೆರಡೂ ಎಂದೆಂದಿಗೂ ಒಂದೇ ಆಗಿರಬೇಕೆಂದಿಲ್ಲ. ತಿದ್ದೋಲೆ ಹೊರಡಿಸಿ ಅರ್ಜಿಯ ಅವಧಿಯನ್ನು ಸೆಪ್ಟೆಂಬರ್ 15ಕ್ಕೆ ವಿಸ್ತರಿಸಿದರೆ ವಯಸ್ಸಿನ ದಿನಾಂಕವೂ ಮುಂದೆ ಹೋಗುತ್ತದೆಯೇ ಎಂಬುದನ್ನು ಆ ತಿದ್ದೋಲೆಯೇ ಹೇಳಬೇಕು. ಮುಂದೆ ಹೋದರೆ 1981ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹುಟ್ಟಿದವರು ಬುಧವಾರ ಅರ್ಹರಾಗಿದ್ದು ಗುರುವಾರ ಅನರ್ಹರಾಗಬಹುದು. ಅಂಥವರು ವಿಸ್ತರಣೆಗೆ ಕಾಯದೆ ಮೊದಲ ಗಡುವಿನೊಳಗೇ ಸಲ್ಲಿಸುವುದು ಕ್ಷೇಮ, ಆಗಲೂ ಯಾವ ದಿನಾಂಕ ತಮಗೆ ಅನ್ವಯ ಎಂದು ಬರೆಸಿಕೊಂಡಿರಬೇಕು.

ಈ ನಾಲ್ಕರ ಜೊತೆಗೆ ಅಧಿಸೂಚನೆಯಲ್ಲಿ ಇಲ್ಲದ ಐದನೆಯ ದಿನವೊಂದನ್ನು ನೀವೇ ಹಾಕಬೇಕು, ಕಾಲೇಜಿನ ಒಳಗಡುವು. ಪೋರ್ಟಲ್‌ಗೆ ದೃಢೀಕರಣ ಪತ್ರ ಏರಿಸಲು ಪ್ರಾಂಶುಪಾಲರ ಸಹಿ ಬೇಕು, ಆಡಳಿತ ಮಂಡಳಿಯ ಒಪ್ಪಿಗೆ ಬೇಕಾದರೆ ಅದಕ್ಕೊಂದು ಸಭೆ ಸೇರಬೇಕು, ರೈತರನ್ನು ಸಂದರ್ಶಿಸುವ ಭಾಗವಿದ್ದರೆ ನೈತಿಕ ಸಮಿತಿಯ ಅನುಮತಿಪತ್ರವನ್ನು ಅರ್ಜಿಯ ಜೊತೆಗೇ ಕೇಳುತ್ತಾರೆಯೇ ಎಂದು ನೋಡಬೇಕು. ಆಗಸ್ಟ್ ತಿಂಗಳೆಂದರೆ ಸಾಗರ, ಹೊಸನಗರಗಳಲ್ಲಿ ಮರ ಬಿದ್ದು ಕರೆಂಟು ಹೋಗುವುದು, ನೆಟ್ ನಿಲ್ಲುವುದು ಹೊಸ ಸಂಗತಿಯಲ್ಲ. ಈ ಕಾರಣ ಹೇಳಿ ದೂರದ ಕಚೇರಿಯಿಂದ ಒಂದು ಗಂಟೆಯ ವಿನಾಯಿತಿ ಪಡೆದವರನ್ನು ನಾನು ಕಂಡಿಲ್ಲ. ನಾನಾಗಿದ್ದರೆ ಆಗಸ್ಟ್ 20ನ್ನು ಒಳಗಡುವು ಎಂದು ಸಾರಾಂಶದ ತಲೆಯಲ್ಲೇ ಹಾಕುತ್ತಿದ್ದೆ, ಅಧಿಕೃತ ಗಡುವನ್ನು ಅದರ ಕೆಳಗೆ ಬರೆಯುತ್ತಿದ್ದೆ.

ಪೂರ್ತಿ ಅನುವಾದದ ಬಗ್ಗೆ ಕೇಳಿದ್ದೀರಿ. ಅದು ಸುರಕ್ಷಿತವೆಂದು ತೋರುತ್ತದೆ, ಆದರೆ ಎರಡು ಅಪಾಯಗಳಿವೆ. ಅಧಿಸೂಚನೆಯ ಇಂಗ್ಲಿಷ್ ಪಾಠವೇ ಅಧಿಕೃತವಾದ್ದರಿಂದ ನಿಮ್ಮ ಅನುವಾದದಲ್ಲಿ ಒಂದು ‘ಮತ್ತು’ ‘ಅಥವಾ’ ಆದರೂ ಅದರ ಹೊಣೆ ನಿಮ್ಮ ಮೇಲೆ ಬರುತ್ತದೆ. ಜೊತೆಗೆ 34 ಪುಟದ ಅನುವಾದ ಮುಗಿಯುವಷ್ಟರಲ್ಲಿ ಪ್ರಶ್ನೆ ಕಳಿಸುವ ದಿನ ದಾಟಿರುತ್ತದೆ. ಇನ್ನೊಂದು ದಾರಿ ಪ್ರಾಂಶುಪಾಲರು ಕೇಳುವ ಒಂದೇ ಪುಟ. ಅದು ಬೇಗ ಆಗುತ್ತದೆ, ಎಲ್ಲರೂ ಓದುತ್ತಾರೆ, ಆದರೆ ಅದನ್ನು ಓದಿದವರು ಮೂಲವನ್ನು ತೆರೆಯುವುದಿಲ್ಲ. ನಾನು ಸೂಚಿಸುವುದು ಒಂದು ಪುಟವನ್ನೇ, ಆದರೆ ಪ್ರತಿ ಸಾಲಿನ ಕೊನೆಗೆ ಮೂಲದ ಪುಟ ಮತ್ತು ಕಲಂ ಸಂಖ್ಯೆ ಇರಬೇಕು, ವಿವಾದವಾಗಬಹುದಾದ ನಾಲ್ಕೈದು ವಾಕ್ಯಗಳನ್ನು ಹಿಂಬದಿಯಲ್ಲಿ ಮೂಲದಲ್ಲಿದ್ದ ಹಾಗೆಯೇ ಕೊಡಬೇಕು. ಇದಕ್ಕೆ ಹೆಚ್ಚು ಶ್ರಮ ಬೇಕು ಎಂಬುದು ನಿಜ. ಪುಟ ಸಂಖ್ಯೆ ಹಾಕಲು ಹೊರಟಾಗಲೇ ‘ಇದನ್ನು ನಾನು ಎಲ್ಲಿ ಓದಿದೆ’ ಎಂಬ ಪ್ರಶ್ನೆ ಏಳುತ್ತದೆ, ಎಲ್ಲಿಯೂ ಸಿಗದ ಸಾಲು ಹಳೆಯ ನೆನಪಿನಿಂದ ನುಸುಳಿದ್ದೆಂದು ಗೊತ್ತಾಗುತ್ತದೆ. ಅರ್ಹತೆಯ ಭಾಗ ಹೀಗಿರಬಹುದು:

“ಕಾಲೇಜು: 12(ಬಿ) ಮಾನ್ಯತೆ ಬೇಕು (ಪು. 29, ಅನುಬಂಧ 4), ನಮ್ಮಲ್ಲಿದೆ, ಪ್ರತಿ ಕಚೇರಿಯಲ್ಲಿ ಲಭ್ಯ. ಹುದ್ದೆ: ಕಾಯಂ (ಪು. 4, ಕಲಂ 4.1), ಅತಿಥಿ ಉಪನ್ಯಾಸಕರಿಗೆ ಅವಕಾಶವಿಲ್ಲ, ಆಡಳಿತ ಮಂಡಳಿ ನೇಮಕದವರ ಬಗ್ಗೆ ಸ್ಪಷ್ಟನೆ ಕೇಳಲಾಗಿದೆ. ವಯಸ್ಸು: 31-8-1981ರಂದು ಅಥವಾ ಆಮೇಲೆ ಹುಟ್ಟಿದವರು, ಮಹಿಳೆಯರು, ಪ.ಜಾ., ಪ.ಪಂ. ಆದರೆ 31-8-1978 (ಪು. 4, ಕಲಂ 4.3). ಇದೇ ಸಂಸ್ಥೆಯ ಯೋಜನೆಯೊಂದನ್ನು ಈಗ ನಡೆಸುತ್ತಿರುವವರಿಗೆ ಅವಕಾಶವಿಲ್ಲ (ಪು. 31, ದೃಢೀಕರಣ ಪತ್ರ, 2ನೆಯ ಅಂಶ). ಸಹ ಸಂಶೋಧಕರು ಕಡ್ಡಾಯ (ಅದೇ ಪುಟ, 4ನೆಯ ಅಂಶ).”

ಪುಟದ ಕೆಳಗೆ ‘ಜುಲೈ 20ರವರೆಗಿನ ತಿದ್ದೋಲೆಗಳನ್ನು ನೋಡಿ ಬರೆದದ್ದು’ ಎಂಬಂತೆ ನೀವು ಕೊನೆಯ ಬಾರಿ ಪೋರ್ಟಲ್ ನೋಡಿದ ದಿನವನ್ನು ಹಾಕಿ. ತಿದ್ದೋಲೆ ಬಂದರೆ ಹಳೆಯ ಪುಟವನ್ನು ವಾಟ್ಸ್ಯಾಪ್ ಗುಂಪಿನಿಂದ ಅಳಿಸಿ ಹೊಸದನ್ನು ಹಾಕಿ, ಎರಡೂ ಓಡಾಡುತ್ತಿದ್ದರೆ ಜನ ಮೊದಲು ಕೈಗೆ ಸಿಕ್ಕಿದ್ದನ್ನೇ ಇಟ್ಟುಕೊಳ್ಳುತ್ತಾರೆ.

ಈಗ ಮೊದಲು ಮಾಡಬೇಕಾದದ್ದು ಸಾರಾಂಶವನ್ನು ಹಂಚುವುದಲ್ಲ, ಆಗಸ್ಟ್ 7ರೊಳಗೆ ಸಂಸ್ಥೆಗೆ ಪ್ರಶ್ನೆಗಳನ್ನು ಕಳಿಸುವುದು. ಆಡಳಿತ ಮಂಡಳಿಯಿಂದ ನೇಮಕಗೊಂಡು ಪೂರ್ಣ ವೇತನ ಪಡೆಯುವ ಅಧ್ಯಾಪಕರು ಕಲಂ 4.1ರ ‘ಕಾಯಂ’ ವ್ಯಾಪ್ತಿಗೆ ಬರುತ್ತಾರೆಯೇ. ಮಾದರಿ ಸಂಗ್ರಹಕ್ಕೆ ಮರ ಹತ್ತುವವರ ದಿನಗೂಲಿ ಮತ್ತು ಬಾಡಿಗೆ ವಾಹನದ ಖರ್ಚನ್ನು ಯಾವ ಶೀರ್ಷಿಕೆಯಲ್ಲಿ ತೋರಿಸಬೇಕು. ಸೀಕ್ವೆನ್ಸಿಂಗ್ ಅನ್ನು ಹೊರಗಿನ ಪ್ರಯೋಗಾಲಯದಲ್ಲಿ ಮಾಡಿಸಿದರೆ ಅದು ಬಳಕೆ ಸಾಮಗ್ರಿಯ ಬಾಬ್ತೇ. ಅರ್ಜಿಯ ಅವಧಿ ವಿಸ್ತರಣೆಯಾದರೆ ವಯಸ್ಸು ಲೆಕ್ಕ ಹಾಕುವ ದಿನ ಬದಲಾಗುತ್ತದೆಯೇ. ಹೀಗೆ ಹೌದು, ಅಲ್ಲ ಅಥವಾ ಒಂದು ಶೀರ್ಷಿಕೆಯ ಹೆಸರಿನಲ್ಲಿ ಉತ್ತರಿಸಬಹುದಾದಂತೆ ಕೇಳಿದರೆ ಉತ್ತರ ಬೇಗ ಬರುತ್ತದೆ. ‘ದಯವಿಟ್ಟು ಮಾರ್ಗದರ್ಶನ ಮಾಡಿ’ ಎಂದು ಬರೆದರೆ ‘ಅಧಿಸೂಚನೆಯನ್ನು ನೋಡಿ’ ಎಂಬ ಉತ್ತರವೇ ಮರಳುತ್ತದೆ. ಫೋನಿನಲ್ಲಿ ಯಾರಾದರೂ ‘ನಡೆಯುತ್ತದೆ’ ಎಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇಮೇಲ್ ಉತ್ತರವನ್ನು ಮುದ್ರಿಸಿ ಅರ್ಜಿಯ ಕಡತದಲ್ಲಿಡಿ. ಯೋಜನೆ ಮಂಜೂರಾದರೆ ಮೂರು ವರ್ಷದ ನಂತರ ಲೆಕ್ಕಪರಿಶೋಧಕರು ಜೀಪಿನ ಬಾಡಿಗೆಗೆ ಆಧಾರವೇನೆಂದು ಕೇಳಿದಾಗ ಅದೇ ಹಾಳೆಯನ್ನು ಮುಂದಿಡಬಹುದು.